ದುಡ್ಡು ಬಂತು ಸರಿ, ಯಾಕೆ ಬಂತು?

ತೆರಿಗೆ ಆಡಿಟ್‌ಗೆ ಮುಂಚೆ ಬ್ಯಾಂಕಿನಿಂದ ಏನೇನು ಕಾಗದ ತರಬೇಕು? ಒಬ್ಬ ವ್ಯಾಪಾರಿಗೆ ಅವರ ಲೆಕ್ಕಪರಿಶೋಧಕ ಬರೆದ ಎರಡು ಪುಟದ ಚೀಟಿ, ಅದರ ಹಿಂದಿನ ಕಾರಣಗಳು.

ಮೊದಲೆಲ್ಲ ಮೇ ತಿಂಗಳು ಬಂತೆಂದರೆ ನನ್ನ ಕ್ಲೈಂಟ್‌ಗಳಿಗೆ ಒಂದೇ ಸಾಲಿನ ಮೆಸೇಜ್ ಕಳಿಸುತ್ತಿದ್ದೆ: "ಆಡಿಟ್ ಶುರು ಮಾಡೋಣ, ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿ." ದಾವಣಗೆರೆಯ ಮಂಡಿಪೇಟೆ ಕಡೆ ಪೇಂಟು, ಪೈಪು, ಮೊಳೆ, ನಲ್ಲಿ ಮಾರುವ ಅಂಗಡಿಯ ಯಜಮಾನರೊಬ್ಬರು ಮರುದಿನ ಬೆಳಿಗ್ಗೆಯೇ ವಾಟ್ಸ್‌ಆ್ಯಪ್‌ನಲ್ಲಿ ಹನ್ನೊಂದು ಫೋಟೊ ಕಳಿಸಿದರು. ಎಲ್ಲವೂ ಪಾಸ್‌ಬುಕ್ಕಿನ ಪುಟಗಳು. ಒಂದರಲ್ಲಿ ಅವರ ಹೆಬ್ಬೆರಳು ಮೊತ್ತದ ಕಾಲಮ್ಮಿನ ಮೇಲೆಯೇ ಕೂತಿತ್ತು. ಇನ್ನೊಂದರಲ್ಲಿ ಆಗಸ್ಟ್ ಮುಗಿದ ಮೇಲೆ ನೇರ ಡಿಸೆಂಬರ್. ತಿಂಗಳುಗಟ್ಟಲೆ ಎಂಟ್ರಿ ಹಾಕಿಸದಿದ್ದರೆ ಕೆಲವು ಬ್ಯಾಂಕುಗಳು ನಡುವಿನದ್ದನ್ನೆಲ್ಲ ಕೂಡಿಸಿ ಒಂದೇ ಸಾಲಿನಲ್ಲಿ ಮುದ್ರಿಸಿಬಿಡುತ್ತವೆ. ಇಲ್ಲಿ ಆಗಿದ್ದೂ ಅದೇ. ಇದೆಲ್ಲಕ್ಕಿಂತ ದೊಡ್ಡ ಎಡವಟ್ಟು ನನಗೆ ಗೊತ್ತಾಗಿದ್ದು ಸಂಜೆ. ಕರೆಂಟ್ ಅಕೌಂಟಿಗೆ ಸಾಮಾನ್ಯವಾಗಿ ಪಾಸ್‌ಬುಕ್ ಇರುವುದಿಲ್ಲ. ಅವರು ಕಳಿಸಿದ್ದು ಮನೆಯ ಉಳಿತಾಯ ಖಾತೆಯದು.

ತಪ್ಪು ಅವರದಲ್ಲ. ನಾನು ಏನು ಬೇಕೆಂದು ಹೇಳಿದ್ದೆನೇ ಹೊರತು ಯಾಕೆ ಬೇಕೆಂದು ಹೇಳಿರಲಿಲ್ಲ. ಆ ವರ್ಷದಿಂದ ಒಂದು ಸಾಲಿನ ಮೆಸೇಜ್ ಬಿಟ್ಟು, ಎರಡು ಪುಟದ ಚೀಟಿ ಬರೆಯುವ ರೂಢಿ ಮಾಡಿಕೊಂಡೆ. ಪ್ರತಿ ಕಾಗದದ ಮುಂದೆ ಅದು ಯಾವ ಪ್ರಶ್ನೆಗೆ ಉತ್ತರ ಎಂಬುದನ್ನೂ ಬರೆದೆ. 2024–25ರ ಲೆಕ್ಕಕ್ಕೆ ಇದೇ ಯಜಮಾನರಿಗೆ ಕಳಿಸಿದ ಚೀಟಿಯನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಅವರ ಒಪ್ಪಿಗೆ ಇದೆ. ಅಂಕಿಗಳನ್ನು ಮಾತ್ರ ಗುರುತು ಸಿಗದಂತೆ ಬದಲಿಸಿದ್ದೇನೆ.

ಈ ಆಡಿಟ್ ಯಾರಿಗೆ?

ಆದಾಯ ತೆರಿಗೆ ಕಾಯ್ದೆಯ 44ಎಬಿ ಕಲಂ ಪ್ರಕಾರ ವ್ಯಾಪಾರದ ವಾರ್ಷಿಕ ವಹಿವಾಟು 1 ಕೋಟಿ ರೂಪಾಯಿ ದಾಟಿದರೆ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರಿಂದ ಲೆಕ್ಕ ತಪಾಸಣೆ ಮಾಡಿಸಬೇಕು. ವರ್ಷದಲ್ಲಿ ಬಂದ ಹಣದಲ್ಲಿ ನಗದು ಶೇ 5 ಮೀರದೆ, ಹೋದ ಹಣದಲ್ಲೂ ನಗದು ಶೇ 5 ಮೀರದೆ ಇದ್ದರೆ ಈ ಮಿತಿ 10 ಕೋಟಿಗೆ ಏರುತ್ತದೆ. ಅಂದಾಜು ಲಾಭ ತೋರಿಸಿ ಆಡಿಟ್ ಇಲ್ಲದೆ ಮುಗಿಸುವ ದಾರಿಯೂ ಸಣ್ಣ ವ್ಯಾಪಾರಕ್ಕೆ ಇದೆ. ಆದರೆ ನಮ್ಮ ಯಜಮಾನರ ಮಾರಾಟ 4 ಕೋಟಿ 20 ಲಕ್ಷ, ಅದರಲ್ಲಿ ಸುಮಾರು ಐದನೆಯ ಒಂದು ಪಾಲು ಗಲ್ಲಾಕ್ಕೆ ಬೀಳುವ ನಗದು. ಹಾಗಾಗಿ ಅವರಿಗೆ ಎರಡೂ ರಿಯಾಯಿತಿ ಇಲ್ಲ.

ವರದಿ ಸಲ್ಲಿಸಲು ಸಾಮಾನ್ಯವಾಗಿ ಸೆಪ್ಟೆಂಬರ್ 30 ಗಡುವು. ಕೆಲವು ವರ್ಷ ಸರ್ಕಾರ ಅದನ್ನು ಮುಂದೂಡಿದ್ದುಂಟು, ಅದನ್ನು ನಂಬಿ ಕೂರುವಂತಿಲ್ಲ. 2024–25ರ ಲೆಕ್ಕಕ್ಕೆ ಆಡಿಟ್ ಮಾಡಿಸದಿದ್ದರೆ ದಂಡ ವಹಿವಾಟಿನ ಅರ್ಧ ಶೇಕಡಾ ಅಥವಾ ಒಂದೂವರೆ ಲಕ್ಷ, ಯಾವುದು ಕಡಿಮೆಯೋ ಅದು. ಇವರ ವಹಿವಾಟಿಗೆ ಅರ್ಧ ಶೇಕಡಾ ಎಂದರೆ 2 ಲಕ್ಷ 10 ಸಾವಿರ ಆಗುವುದರಿಂದ ದಂಡ ಒಂದೂವರೆ ಲಕ್ಷಕ್ಕೆ ನಿಲ್ಲುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಕಲಮುಗಳ ನಂಬರು ಬದಲಾದರೂ ಬ್ಯಾಂಕಿನಿಂದ ತರಬೇಕಾದ ಕಾಗದಗಳು ಇವೇ.

ಮೊದಲು ಸ್ಟೇಟ್‌ಮೆಂಟ್ ಅಲ್ಲ, ಖಾತೆಗಳ ಪಟ್ಟಿ

ಚೀಟಿಯ ಮೊದಲ ಸಾಲು ಹೀಗಿದೆ: "ಯಜಮಾನರೇ, ಬ್ಯಾಂಕಿಗೆ ಹೋಗುವ ಮುಂಚೆ ಒಂದು ಹಾಳೆಯ ಮೇಲೆ ನಿಮ್ಮ ಹೆಸರಿನ ಎಲ್ಲ ಖಾತೆಗಳನ್ನೂ ಬರೆಯಿರಿ. ಅಂಗಡಿಯದು, ಮನೆಯದು, ವರ್ಷದ ನಡುವೆ ಮುಚ್ಚಿಸಿದ್ದು, ಸಾಲದ್ದು, ಠೇವಣಿಯದ್ದು ಎಲ್ಲ ಬರಲಿ. ಅಂಗಡಿ ದುಡ್ಡು ಬಿದ್ದಿದ್ದರೆ ಮನೆಯವರ ಖಾತೆಯನ್ನೂ ಸೇರಿಸಿ."

ಅವರು ಮೊದಲು ಬರೆದದ್ದು ಎರಡು ಖಾತೆ. ಕೂತು ಮಾತಾಡಿದಾಗ ಅದು ಏಳಾಯಿತು. ಅಂಗಡಿಯ ಕರೆಂಟ್ ಅಕೌಂಟು, ದಾಸ್ತಾನಿನ ಮೇಲಿನ ಓ.ಡಿ. ಖಾತೆ, ಗೋಡೌನಿಗೆ ತೆಗೆದ ಬ್ಯಾಂಕ್ ಸಾಲ, ಫೈನಾನ್ಸ್ ಕಂಪನಿಯಿಂದ ತೆಗೆದ ಗೂಡ್ಸ್ ಗಾಡಿಯ ಸಾಲ, ಒಂದು ಠೇವಣಿ, ಮನೆಯ ಉಳಿತಾಯ ಖಾತೆ. ಏಳನೆಯದು ಮಗನ ಉಳಿತಾಯ ಖಾತೆ.

ಈ ಏಳನೆಯದೇ ಮುಖ್ಯವಾಗಿತ್ತು. ಅಂಗಡಿಯ ಕ್ಯೂಆರ್ ಕೋಡಿನ ಸೌಂಡ್‌ಬಾಕ್ಸ್ ಕೆಟ್ಟಾಗ ಮಗ ತನ್ನ ಮೊಬೈಲಿನ ಕೋಡನ್ನೇ ಪ್ರಿಂಟ್ ತೆಗೆಸಿ ಕೌಂಟರಿಗೆ ಅಂಟಿಸಿದ್ದ. ಎರಡು ತಿಂಗಳು ಹಾಗೇ ನಡೆದು 6 ಲಕ್ಷ 40 ಸಾವಿರ ಅವನ ಖಾತೆಗೆ ಹೋಗಿತ್ತು. ಬಿಲ್ಲು ಹಾಕಿದ್ದರು, ಜಿಎಸ್‌ಟಿಯನ್ನೂ ಕಟ್ಟಿದ್ದರು. ಆದರೆ ಅಂಗಡಿಯ ಖಾತೆಗೆ ದುಡ್ಡು ಬರಲಿಲ್ಲವಲ್ಲ ಎಂದು ಲೆಕ್ಕ ಬರೆಯುವ ಹುಡುಗ ಅದನ್ನೆಲ್ಲ ನಗದು ಮಾರಾಟ ಎಂದು ಬರೆದಿದ್ದ. ಪುಸ್ತಕದ ಪ್ರಕಾರ ಗಲ್ಲಾದಲ್ಲಿ ಲಕ್ಷಗಟ್ಟಲೆ ನಗದು ಇರಬೇಕು. ತೆಗೆದು ನೋಡಿದರೆ ಚಿಲ್ಲರೆ ನೋಟು. ಮಗನ ಕಡೆಯಿಂದ ನೋಡಿದರೆ ತೊಂದರೆ ಬೇರೆಯೇ: ಇನ್ನೂ ಸ್ವಂತ ಸಂಪಾದನೆ ಶುರುವಾಗದ ಹುಡುಗನ ಖಾತೆಗೆ ಎರಡೇ ತಿಂಗಳಲ್ಲಿ ಆರೂವರೆ ಲಕ್ಷದ ಹತ್ತಿರ ಜಮಾ.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾದ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು, ಬೆಂಗಳೂರಿನ ಅಂಗಡಿಗಳ ಮುಂದೆ 'ಕ್ಯಾಶ್ ಮಾತ್ರ' ಎಂಬ ಚೀಟಿ ನೇತಾಡಿದ್ದು ಓದುಗರಿಗೆ ನೆನಪಿರಬಹುದು. ಯಾರ ಖಾತೆಗೆ ಎಷ್ಟು ಬಂತು ಎಂಬುದು ಇಲಾಖೆಗೆ ಈಗ ಸುಲಭವಾಗಿ ಸಿಗುತ್ತದೆ. ಅದು ಯಾವ ಬಾಬತ್ತಿನ ದುಡ್ಡು ಎಂದು ಹೇಳಬೇಕಾದವರು ನಾವೇ. ಮಗನ ಸ್ಟೇಟ್‌ಮೆಂಟ್ ತರಿಸಿ, ಒಂದೊಂದು ಜಮಾವನ್ನೂ ಬಿಲ್ಲಿನ ನಂಬರಿಗೆ ಹೊಂದಿಸಿ, ನಗದು ಎಂದಿದ್ದನ್ನು ಯುಪಿಐ ಎಂದು ತಿದ್ದಿಸಿದೆವು. ಕೌಂಟರಿನ ಆ ಕೋಡನ್ನು ಯಜಮಾನರೇ ಉಗುರಿನಿಂದ ಕೆರೆದು ತೆಗೆದರು.

ಹನ್ನೆರಡಲ್ಲ, ಹದಿಮೂರು ತಿಂಗಳು

ಪಟ್ಟಿ ಆದ ಮೇಲೆ ಸ್ಟೇಟ್‌ಮೆಂಟ್. ಚೀಟಿಯಲ್ಲಿ ಹೀಗೆ ಬರೆದಿದ್ದೆ: "2024ರ ಏಪ್ರಿಲ್ 1ರಿಂದ 2025ರ ಏಪ್ರಿಲ್ 30ರವರೆಗೆ ಬೇಕು. ನೆಟ್ ಬ್ಯಾಂಕಿಂಗ್‌ನಿಂದ ಪಿಡಿಎಫ್ ಮತ್ತು ಎಕ್ಸೆಲ್ ಎರಡೂ ತೆಗೆಯಿರಿ. ಪಿಡಿಎಫ್ ತೆರೆಯುವ ಪಾಸ್‌ವರ್ಡ್ ಹೇಳಿ ಸಾಕು, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ನನಗೂ ಕೊಡಬೇಡಿ."

ವರ್ಷ ಮಾರ್ಚ್ 31ಕ್ಕೇ ಮುಗಿಯುವಾಗ ಏಪ್ರಿಲ್ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಮಾರ್ಚ್ ಕೊನೆಯಲ್ಲಿ ನೀವು ಬರೆದ ಚೆಕ್ಕು ಪಾಸಾಗುವುದು ಏಪ್ರಿಲ್ಲಿನಲ್ಲಿ. ಅದು ನಿಜವಾಗಿಯೂ ಪಾಸಾಯಿತೇ, ಇಲ್ಲ ಇನ್ನೂ ಯಾರದ್ದೋ ಮೇಜಿನ ಡ್ರಾಯರಿನಲ್ಲಿ ಮಲಗಿದೆಯೇ ಎಂದು ತಿಳಿಯಲು ಆ ಒಂದು ತಿಂಗಳು ಬೇಕು.

ಎರಡು ರೂಪದಲ್ಲಿ ಕೇಳುವುದಕ್ಕೂ ಕಾರಣ ಇದೆ. ಎಕ್ಸೆಲ್‌ನಲ್ಲಿ ಹುಡುಕುವುದು, ಕೂಡಿಸುವುದು ಸುಲಭ. ಆದರೆ ಅದನ್ನು ಯಾರು ಬೇಕಾದರೂ ತಿದ್ದಬಹುದು. ಪಿಡಿಎಫ್ ಬ್ಯಾಂಕಿನಿಂದ ಬಂದ ಹಾಗೇ ಇರುತ್ತದೆ. ಬಂದ ತಕ್ಷಣ ನಾನು ನೋಡುವುದು ಎರಡೇ ಜಾಗ. ಏಪ್ರಿಲ್ 1ರ ಆರಂಭಿಕ ಶಿಲ್ಕು ಹೋದ ವರ್ಷದ ಆಡಿಟ್‌ನಲ್ಲಿ ಕಂಡ ಬ್ಯಾಂಕಿನ ಕೊನೆಯ ಶಿಲ್ಕಿಗೆ ಸರಿಹೊಂದುತ್ತದೆಯೇ? ಒಂದು ಪುಟದ ಕೊನೆಯ ಶಿಲ್ಕು ಮುಂದಿನ ಪುಟದ ಮೊದಲಿಗೆ ಸೇರುತ್ತದೆಯೇ? ಸೇರದಿದ್ದರೆ ನಡುವಿನ ಹಾಳೆ ಕಾಣೆ ಎಂದರ್ಥ. ಇದನ್ನು ನೀವೇ ಮನೆಯಲ್ಲಿ ಹತ್ತು ನಿಮಿಷದಲ್ಲಿ ನೋಡಬಹುದು.

ಇದರ ಜೊತೆಗೆ ಮಾರ್ಚ್ 31ರ ಶಿಲ್ಕಿಗೆ ಬ್ಯಾಂಕಿನ ಸೀಲು, ಸಹಿ ಇರುವ ಒಂದು ಸರ್ಟಿಫಿಕೇಟು. ವರ್ಷದ ಚೆಕ್‌ಬುಕ್ಕುಗಳ ಕೌಂಟರ್‌ಫಾಯಿಲು. ನಗದು ಮತ್ತು ಚೆಕ್ಕು ಕಟ್ಟಿದ ಚಲನ್‌ಗಳು. ಬೌನ್ಸ್ ಆದ ಚೆಕ್ಕಿನ ಜೊತೆ ಬ್ಯಾಂಕು ಕೊಡುವ ರಿಟರ್ನ್ ಮೆಮೊ. ಇವನ್ನು ಹಳೆ ಕಾಗದ ಎಂದು ಬಿಸಾಡುವವರೇ ಹೆಚ್ಚು. ಸ್ಟೇಟ್‌ಮೆಂಟಿನಲ್ಲಿ `TO CLG` ಎಂದೋ `CASH WDL` ಎಂದೋ ಇದ್ದರೆ ಯಾರಿಗೆ, ಯಾವ ಬಿಲ್ಲಿಗೆ ಎಂದು ಅದು ಹೇಳುವುದಿಲ್ಲ. ಕೌಂಟರ್‌ಫಾಯಿಲಿನ ಮೇಲೆ ನೀವೇ ಗೀಚಿದ ಹೆಸರು ಹೇಳುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಪೂರೈಕೆದಾರನೊಬ್ಬ ತನಗೆ ಅರ್ಜೆಂಟ್ ನಗದು ಬೇಕೆಂದಾಗ ಯಜಮಾನರು 45,000 ರೂಪಾಯಿಗೆ ಬೇರರ್ ಚೆಕ್ಕು ಕೊಟ್ಟಿದ್ದರು. ಚೆಕ್ಕೇ ಕೊಟ್ಟೆನಲ್ಲ ಎಂಬುದು ಅವರ ಸಮಾಧಾನ. ಆದರೆ ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿ ಮೀರಿ ಖರ್ಚಿನ ಬಾಬತ್ತು ಕೊಡುವಾಗ ಅದು ಅಕೌಂಟ್ ಪೇಯೀ ಚೆಕ್ಕೋ ಡ್ರಾಫ್ಟೋ ಆಗಿರಬೇಕು, ಇಲ್ಲವೇ ಖಾತೆಯಿಂದ ಖಾತೆಗೆ ಹೋಗಬೇಕು. ಬೇರರ್ ಚೆಕ್ಕು ಕಾಯ್ದೆಯ ಕಣ್ಣಿನಲ್ಲಿ ನಗದಿನ ಸಾಲಿಗೇ ಸೇರುತ್ತದೆ. ಕಾಯ್ದೆ ಒಪ್ಪುವ ಕೆಲವು ವಿನಾಯಿತಿಗಳಲ್ಲಿ ಇದು ಬರುತ್ತಿರಲಿಲ್ಲ. ಹಾಗಾಗಿ ಆ 45,000ವನ್ನು ಖರ್ಚೆಂದು ಒಪ್ಪದೆ ಆದಾಯಕ್ಕೆ ಮರಳಿ ಸೇರಿಸಬೇಕಾಯಿತು.

ಎರಡು ಶಿಲ್ಕು, ಒಂದು ತಾಳೆ

ಇಷ್ಟು ಕಾಗದ ಕೈಗೆ ಬಂದ ಮೇಲೆ ಮೊದಲ ಕೆಲಸ ಬ್ಯಾಂಕ್ ತಾಳೆಪಟ್ಟಿ. ಅಂಗಡಿಯ ಪುಸ್ತಕದ ಪ್ರಕಾರ ಮಾರ್ಚ್ 31ರಂದು ಕರೆಂಟ್ ಖಾತೆಯಲ್ಲಿ 3,42,600 ರೂಪಾಯಿ ಇತ್ತು. ಬ್ಯಾಂಕಿನ ಪ್ರಕಾರ 5,13,470. ಯಜಮಾನರಿಗೆ ಖುಷಿ: "ಬ್ಯಾಂಕಲ್ಲಿ ಜಾಸ್ತಿನೇ ಐತಲ್ಲ ಸಾರ್, ಬಿಡ್ರಿ." ಜಾಸ್ತಿ ಇದ್ದರೂ ಬಿಡುವಂತಿಲ್ಲ. 1,70,870 ರೂಪಾಯಿಯ ಆ ವ್ಯತ್ಯಾಸದೊಳಗೆ ಐದು ಬೇರೆ ಬೇರೆ ಕಥೆ ಇತ್ತು.

ಮೊದಲನೆಯದು, ಕಂಪನಿಗೆ ಬರೆದುಕೊಟ್ಟ 1,85,000ದ ಚೆಕ್ಕು. ಪುಸ್ತಕದಲ್ಲಿ ಮಾರ್ಚ್‌ನಲ್ಲೇ ಕಳೆದಿದ್ದರು, ಬ್ಯಾಂಕಿನಲ್ಲಿ ಪಾಸಾಗಿದ್ದು ಏಪ್ರಿಲ್ 4ಕ್ಕೆ. ಎರಡನೆಯದು, ಗಿರಾಕಿಯೊಬ್ಬರ 76,000ದ ಚೆಕ್ಕು. ಮಾರ್ಚ್ 29ರ ಶನಿವಾರ ಕಟ್ಟಿ ಪುಸ್ತಕಕ್ಕೆ ಹತ್ತಿಸಿದ್ದರು, ಜಮಾ ಆಗಿದ್ದು ಏಪ್ರಿಲ್ 2ಕ್ಕೆ. ಇವೆರಡೂ ಬರೀ ದಿನದ ವ್ಯತ್ಯಾಸ. ಏಪ್ರಿಲ್ ಸ್ಟೇಟ್‌ಮೆಂಟಿನಲ್ಲಿ ಕಂಡ ಕೂಡಲೇ ಇವುಗಳ ಮಾತು ಮುಗಿಯಿತು, ಪುಸ್ತಕದಲ್ಲಿ ತಿದ್ದುವಂಥದ್ದು ಏನೂ ಇಲ್ಲ.

ಉಳಿದ ಮೂರು ಹಾಗಲ್ಲ. ಅವು ಪುಸ್ತಕದಲ್ಲೇ ಬಿಟ್ಟುಹೋಗಿದ್ದವು. ಬ್ಯಾಂಕು ವರ್ಷದ ಕೊನೆಗೆ ಹಿಡಿದುಕೊಂಡ 4,130 ರೂಪಾಯಿ ಶುಲ್ಕವನ್ನು ಬರೆದಿರಲಿಲ್ಲ. ಅದರಲ್ಲಿ 3,500 ಶುಲ್ಕ, 630 ಜಿಎಸ್‌ಟಿ. ಬ್ಯಾಂಕಿನಿಂದ ಅಂಗಡಿಯ ಜಿಎಸ್‌ಟಿ ನಂಬರಿಗೆ ಬಿಲ್ಲು ಬಂದಿದ್ದರೆ ಆ 630 ಹೂಡುವಳಿ ತೆರಿಗೆಯಾಗಿ ವಾಪಸ್ ಸಿಗುತ್ತದೆ.

ಮಾರ್ಚ್ 24ರಂದು `CHQ RTN` ಎಂಬ ಸಾಲಿತ್ತು, 54,000 ರೂಪಾಯಿ. ಗಿರಾಕಿಯ ಚೆಕ್ಕು ಬೌನ್ಸ್ ಆಗಿತ್ತು. ಪುಸ್ತಕದಲ್ಲಿ ಅವನ ಬಾಕಿ ತೀರಿದೆ, ನಿಜದಲ್ಲಿ ತೀರಿಲ್ಲ. ಇಲ್ಲಿ ಲೆಕ್ಕಕ್ಕಿಂತ ಹೆಚ್ಚಿನ ನಷ್ಟವೂ ಆಗಿತ್ತು. ಬೌನ್ಸ್ ಆದ ಸುದ್ದಿ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟರೆ ಮಾತ್ರ ಆ ಬೌನ್ಸ್ ಹಿಡಿದು 138ನೇ ಕಲಂ ಅಡಿ ಕೇಸಿಗೆ ಹೋಗಲು ಸಾಧ್ಯ. ರಿಟರ್ನ್ ಮೆಮೊ ಗಲ್ಲಾದ ಕೆಳಗಿನ ಹಳೆ ಕ್ಯಾಲೆಂಡರಿನ ನಡುವೆ ಸಿಕ್ಕಿದ್ದು ಜೂನ್‌ನಲ್ಲಿ. ಅವಧಿ ಯಾವತ್ತೋ ದಾಟಿತ್ತು.

ಕೊನೆಯದು `NEFT CR` ಎಂದು ಬಂದಿದ್ದ 1,20,000 ರೂಪಾಯಿ. ಕಳಿಸಿದವರು ಒಬ್ಬ ಹೆಂಗಸು. ಆ ಹೆಸರಿನ ಗಿರಾಕಿ ಲೆಡ್ಜರಿನಲ್ಲೇ ಇಲ್ಲ. ಯಜಮಾನರಿಗೂ ನೆನಪಿಲ್ಲ.

ಲೆಕ್ಕ ಹೀಗೆ ಕೂಡುತ್ತದೆ. ಪುಸ್ತಕದ 3,42,600ರಲ್ಲಿ ಬೌನ್ಸ್ ಆದ 54,000 ಮತ್ತು ಶುಲ್ಕದ 4,130 ಕಳೆದು, ಹೆಸರು ಗೊತ್ತಿಲ್ಲದ 1,20,000 ಸೇರಿಸಿದರೆ ತಿದ್ದಿದ ಶಿಲ್ಕು 4,04,470. ಅದಕ್ಕೆ ಇನ್ನೂ ಪಾಸಾಗದ 1,85,000 ಸೇರಿಸಿ, ಇನ್ನೂ ಜಮಾ ಆಗದ 76,000 ಕಳೆದರೆ 5,13,470. ಬ್ಯಾಂಕಿನ ಅಂಕಿ ಪೈಸೆಗೆ ಪೈಸೆ ಬಂತು.

ಅಂಕಿ ಕೂಡಿತು ಎಂದರೆ ಕೆಲಸ ಮುಗಿಯಲಿಲ್ಲ. ಆ 1,20,000ಕ್ಕೆ ಯಾರಿಂದ, ಯಾಕೆ ಎಂಬ ಉತ್ತರ ಇಲ್ಲದಿದ್ದರೆ 68ನೇ ಕಲಂ ಪ್ರಕಾರ ಅದನ್ನು ವಿವರಣೆ ಇಲ್ಲದ ಜಮಾ ಎಂದು ಆದಾಯಕ್ಕೆ ಸೇರಿಸಬಹುದು. ಆ ವರ್ಷದ ದರದಲ್ಲಿ ಅದಕ್ಕೆ ತೆರಿಗೆ ಶೇ 60, ಸರ್‌ಚಾರ್ಜ್ ಮತ್ತು ಸೆಸ್ ಸೇರಿ ಶೇ 78. ಅಂದರೆ ಒಂದು ನೆನಪಿನ ಬೆಲೆ 93,600 ರೂಪಾಯಿ. ಆ ಜಮಾದ ಸುಳಿವು ಕೊನೆಗೆ ಹೇಗೆ ಸಿಕ್ಕಿತೆಂದು ಮುಂದೆ ಹೇಳುತ್ತೇನೆ.

ಇಎಂಐ ಪೂರ್ತಿ ಖರ್ಚಲ್ಲ

ಚೀಟಿಯ ಮುಂದಿನ ಭಾಗ ಸಾಲದ್ದು: "ಪ್ರತಿ ಸಾಲಕ್ಕೂ ವರ್ಷದ ಬಡ್ಡಿ ಸರ್ಟಿಫಿಕೇಟು ಮತ್ತು ಸಾಲದ ಖಾತೆಯ ಸ್ಟೇಟ್‌ಮೆಂಟ್ ತನ್ನಿ. ಸಾಲ ಕೊಡುವಾಗ ಕೊಟ್ಟ ಕಂತಿನ ಪಟ್ಟಿ ಆಗುವುದಿಲ್ಲ."

ಗೋಡೌನ್ ಸಾಲಕ್ಕೆ ತಿಂಗಳಿಗೆ 28,500 ರೂಪಾಯಿ ಕಂತು, ವರ್ಷಕ್ಕೆ 3,42,000. ಲೆಕ್ಕದ ಹುಡುಗ ಅಷ್ಟನ್ನೂ ಖರ್ಚಿಗೆ ಬರೆದಿದ್ದ. ಬ್ಯಾಂಕಿನ ಸರ್ಟಿಫಿಕೇಟ್ ತರಿಸಿದಾಗ ಅದರಲ್ಲಿ ಬಡ್ಡಿ 1,18,400, ಉಳಿದ 2,23,600 ಅಸಲು ಎಂದಿತ್ತು. ಖರ್ಚಾಗುವುದು ಬಡ್ಡಿ ಮಾತ್ರ. ಅಸಲು ತೀರಿಸಿದರೆ ಸಾಲ ಇಳಿಯುತ್ತದೆ, ಲಾಭ ಕಡಿಮೆಯಾಗುವುದಿಲ್ಲ. ಹಳೆಯ ಕಂತಿನ ಪಟ್ಟಿಯನ್ನು ನಂಬುವಂತಿಲ್ಲ ಎನ್ನುವುದು ಬಡ್ಡಿದರ ಬದಲಾಗುವ ಕಾರಣಕ್ಕೆ. 2025ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 6.5ರಿಂದ 6.25ಕ್ಕೆ ಇಳಿಸಿತು. ರೆಪೊಗೆ ಜೋಡಿಸಿದ ಸಾಲದಲ್ಲಿ ಇಂಥ ಬದಲಾವಣೆಯ ನಂತರ ಕಂತು ಅಷ್ಟೇ ಇದ್ದರೂ ಅದರೊಳಗಿನ ಬಡ್ಡಿ–ಅಸಲಿನ ಪಾಲು ಬೇರೆಯಾಗುತ್ತದೆ.

ಗೂಡ್ಸ್ ಗಾಡಿಯ ಸಾಲದಲ್ಲಿ ಇನ್ನೊಂದು ಗುಂಡಿ ಇತ್ತು. ಬ್ಯಾಂಕಿಗೆ ಬಡ್ಡಿ ಕಟ್ಟುವಾಗ ನಾವು ಟಿಡಿಎಸ್ ಹಿಡಿಯಬೇಕಿಲ್ಲ. ಆದರೆ ಬ್ಯಾಂಕಲ್ಲದ ಫೈನಾನ್ಸ್ ಕಂಪನಿಗೆ ಕಟ್ಟುವ ಬಡ್ಡಿಗೆ ಆ ವಿನಾಯಿತಿ ಇಲ್ಲ. ಹಿಂದಿನ ವರ್ಷ ವ್ಯಾಪಾರ 1 ಕೋಟಿ ದಾಟಿದ್ದವರು ಶೇ 10 ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಕಂತು ತಿಂಗಳ 5ನೇ ತಾರೀಖು ತಾನೇ ತಾನಾಗಿ ಖಾತೆಯಿಂದ ಹೋಗುತ್ತದೆ, ಹಿಡಿದುಕೊಳ್ಳಲು ಕೈಯಲ್ಲಿ ಏನಿದೆ ಎಂದು ಯಜಮಾನರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ರೂಢಿ ಏನೆಂದರೆ, ಟಿಡಿಎಸ್ ಮೊತ್ತವನ್ನು ಮೊದಲು ನಾವೇ ಕಟ್ಟಿ, ಅದರ ಸರ್ಟಿಫಿಕೇಟನ್ನು ಕಂಪನಿಗೆ ಕಳಿಸಿ ಹಣ ವಾಪಸ್ ಪಡೆಯುವುದು.

ಇವರು ಅದನ್ನು ಮಾಡಿರಲಿಲ್ಲ. ವರ್ಷದ ಬಡ್ಡಿ 64,000. ಟಿಡಿಎಸ್ ಹಿಡಿಯದಿದ್ದರೆ ಅದರ ಶೇ 30, ಅಂದರೆ 19,200 ರೂಪಾಯಿ, ಆ ವರ್ಷ ಖರ್ಚೆಂದು ಸಿಗುವುದಿಲ್ಲ. ಪರಿಹಾರ ಇದೆ: ಆ ಬಡ್ಡಿಯನ್ನು ತನ್ನ ಆದಾಯದಲ್ಲಿ ತೋರಿಸಿ ತೆರಿಗೆ ಕಟ್ಟಿದ್ದೇವೆಂದು ಫೈನಾನ್ಸ್ ಕಂಪನಿಯ ಕಡೆಯಿಂದ ಲೆಕ್ಕಪರಿಶೋಧಕರ ದೃಢೀಕರಣ ಫಾರಂ 26ಎ ಮೂಲಕ ಸಿಕ್ಕರೆ ಖರ್ಚು ಉಳಿಯುತ್ತದೆ. ಅದನ್ನು ಕೇಳಿ ತರಿಸಲು ವಾರಗಟ್ಟಲೆ ಬೇಕು. ಫೈನಾನ್ಸ್ ಕಂಪನಿಯ ಕಾಗದವನ್ನು ಮೇ ತಿಂಗಳಲ್ಲೇ ಕೇಳುವುದು ಇದಕ್ಕೇ. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಫೋನು ಮಾಡಿದರೆ ಆ ಕಡೆ ಎತ್ತುವವರೇ ಇರುವುದಿಲ್ಲ.

ಕೈಗೆ ಬಾರದ ಬಡ್ಡಿ

ಠೇವಣಿಯ ಬಗ್ಗೆ ಯಜಮಾನರ ವಾದ ಸರಳ: "ಎಫ್.ಡಿ. ಇನ್ನೂ ಮುರಿದೇ ಇಲ್ಲ, ಬಡ್ಡಿ ಎಲ್ಲಿ ಬಂತು?" 8 ಲಕ್ಷದ ಠೇವಣಿ, ಶೇ 7 ಬಡ್ಡಿ, ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತದೆ. ಕೈಗೆ ಬರದಿದ್ದರೂ ಬ್ಯಾಂಕು ಪ್ರತಿ ವರ್ಷ ಆ ಬಡ್ಡಿಯನ್ನು ಲೆಕ್ಕ ಹಾಕುತ್ತದೆ, ವರ್ಷಕ್ಕೆ 57 ಸಾವಿರ ಚಿಲ್ಲರೆ. ಆ ವರ್ಷದ ಮಿತಿ 40,000 ಇದ್ದಿದ್ದರಿಂದ ಬ್ಯಾಂಕು ಶೇ 10 ಟಿಡಿಎಸ್ ಹಿಡಿದಿತ್ತು. 2025ರ ಏಪ್ರಿಲ್‌ನಿಂದ ಮಿತಿ 50,000 ಆಗಿದೆ, ಹಿರಿಯ ನಾಗರಿಕರಿಗೆ 1 ಲಕ್ಷ.

ಟಿಡಿಎಸ್ ಹಿಡಿದ ಮೇಲೆ ಅದು ಯಜಮಾನರ ಪ್ಯಾನ್ ಹೆಸರಿನಲ್ಲಿ 26ಎಎಸ್‌ನಲ್ಲೂ ವಾರ್ಷಿಕ ಮಾಹಿತಿ ಪಟ್ಟಿಯಲ್ಲೂ ಕಾಣುತ್ತದೆ. ಬಡ್ಡಿ ತೋರಿಸದೆ ಹಿಡಿದ ತೆರಿಗೆಯನ್ನು ಮಾತ್ರ ಕೇಳಿದರೆ ಕಂಪ್ಯೂಟರೇ ನೋಟಿಸ್ ಕಳಿಸುತ್ತದೆ. ಠೇವಣಿಗೆ ಬೇಕಾದ್ದು ಎರಡು ಕಾಗದ: ಆ ವರ್ಷದ ಬಡ್ಡಿ ಸರ್ಟಿಫಿಕೇಟು, ಟಿಡಿಎಸ್‌ನ ಫಾರಂ 16ಎ. ಮುರಿಯುವ ವರ್ಷವೇ ಐದು ವರ್ಷದ ಬಡ್ಡಿಯನ್ನೆಲ್ಲ ಒಟ್ಟಿಗೆ ತೋರಿಸುತ್ತೇನೆ ಎಂದು ಕೂತರೆ ನಡುವಿನ ವರ್ಷಗಳ ಟಿಡಿಎಸ್ ಕೈತಪ್ಪುವ ಅಪಾಯವೂ ಇದೆ.

ಬ್ಯಾಂಕಿಗೆ ಕೊಟ್ಟ ಕಾಗದ

ಇಷ್ಟು ಹೊತ್ತು ಬ್ಯಾಂಕಿನಿಂದ ತರುವ ಕಾಗದದ ಮಾತಾಯಿತು. ಚೀಟಿಯ ಕೊನೆಯ ಕಲಂ ತಲೆಕೆಳಗು: "ನೀವು ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟುಗಳ ಪ್ರತಿ ನನಗೂ ಕೊಡಿ. ಮುಖ್ಯವಾಗಿ ಮಾರ್ಚ್ ತಿಂಗಳದ್ದು."

ದಾಸ್ತಾನಿನ ಮೇಲೆ ಓ.ಡಿ. ತೆಗೆದವರು ಸಾಮಾನ್ಯವಾಗಿ ತಿಂಗಳಿಗೊಮ್ಮೆ ಅಂಗಡಿಯಲ್ಲಿ ಎಷ್ಟು ಮಾಲಿದೆ, ಎಷ್ಟು ಉದ್ರಿ ಬರಬೇಕು, ಎಷ್ಟು ಕೊಡಬೇಕು ಎಂದು ಬ್ಯಾಂಕಿಗೆ ಬರೆದುಕೊಡಬೇಕು. ಅದರಲ್ಲಿ ಶೇ 25 ಮಾರ್ಜಿನ್ ಬಿಟ್ಟು ಉಳಿದಷ್ಟಕ್ಕೆ ಹಣ ತೆಗೆಯಲು ಬ್ಯಾಂಕು ಬಿಡುತ್ತದೆ ಎಂದಿಟ್ಟುಕೊಳ್ಳಿ. ಮಾಲು ಹೆಚ್ಚು ತೋರಿಸಿದಷ್ಟೂ ಕೈಗೆ ಹೆಚ್ಚು ದುಡ್ಡು. ನಮ್ಮ ಯಜಮಾನರು ಮಾರ್ಚ್ 31ಕ್ಕೆ ಬ್ಯಾಂಕಿಗೆ ಕೊಟ್ಟಿದ್ದು 68 ಲಕ್ಷದ ದಾಸ್ತಾನು. ಅಂಗಡಿಯಲ್ಲಿ ಎಣಿಸಿ ಬರೆದಿದ್ದು 55 ಲಕ್ಷ. ಆ 13 ಲಕ್ಷದ ಮೇಲೆ ಅವರಿಗೆ 9 ಲಕ್ಷ 75 ಸಾವಿರ ಹೆಚ್ಚು ತೆಗೆಯಲು ಅವಕಾಶ ಸಿಕ್ಕಿತ್ತು.

"ಎಲ್ಲರೂ ಹಂಗೇ ಬರೀತಾರೆ ಸಾರ್" ಎಂದರು. ಇರಬಹುದು. ಆದರೆ ತೆರಿಗೆ ಅಧಿಕಾರಿ ಬ್ಯಾಂಕಿನಿಂದ ಆ ಕಾಗದ ತರಿಸಿಕೊಂಡರೆ ಒಂದೇ ದಿನದ, ಒಂದೇ ಅಂಗಡಿಯ, ಒಬ್ಬರೇ ಸಹಿ ಹಾಕಿದ ಎರಡು ಅಂಕಿ ಅವರ ಮೇಜಿನ ಮೇಲಿರುತ್ತವೆ. 13 ಲಕ್ಷದ ಮಾಲು ಲೆಕ್ಕಕ್ಕೆ ತಾರದೆ ಕೊಂಡಿದ್ದೀರಿ ಎಂದು ಅವರು ಹೇಳಿದರೆ, ಇಲ್ಲ, ಬ್ಯಾಂಕಿಗೆ ಸುಳ್ಳು ಬರೆದಿದ್ದೆ ಎಂದು ಉತ್ತರ ಕೊಡಬೇಕು. ಒಂದು ಕಡೆ ತೆರಿಗೆ, ಇನ್ನೊಂದು ಕಡೆ ಬ್ಯಾಂಕಿನ ಮುಂದೆ ಹೋದ ಮರ್ಯಾದೆ.

ವ್ಯತ್ಯಾಸ ಯಾವಾಗಲೂ ಕಳ್ಳಾಟವೇ ಆಗಿರುವುದಿಲ್ಲ ಎಂಬುದನ್ನೂ ಹೇಳಬೇಕು. ಬ್ಯಾಂಕಿಗೆ ಮಾರಾಟದ ದರದಲ್ಲಿ ಬರೆದು ಪುಸ್ತಕದಲ್ಲಿ ಕೊಂಡ ದರದಲ್ಲಿ ಬರೆದವರಿದ್ದಾರೆ. ದಾರಿಯಲ್ಲಿದ್ದ ಲೋಡನ್ನು ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಬಿಟ್ಟವರಿದ್ದಾರೆ. ಇಲ್ಲೂ ಕೂತು ನೋಡಿದಾಗ 13 ಲಕ್ಷದಲ್ಲಿ 8 ಲಕ್ಷ ಇಂಥ ದರದ ವ್ಯತ್ಯಾಸವೇ ಆಗಿತ್ತು. ಅದಕ್ಕೆ ಐಟಂವಾರು ಪಟ್ಟಿ ಮಾಡಿ ಫೈಲಿಗೆ ಹಾಕಿದೆವು. ಉಳಿದ 5 ಲಕ್ಷಕ್ಕೆ ಪಟ್ಟಿ ಮಾಡಲು ಏನೂ ಇರಲಿಲ್ಲ. ಅದು ಸುಮ್ಮನೆ ಏರಿಸಿ ಬರೆದದ್ದು. ಮುಂದಿನ ತಿಂಗಳಿಂದ ಬ್ಯಾಂಕಿಗೂ ಅಂಗಡಿಯ ಪುಸ್ತಕದ ಅಂಕಿಯನ್ನೇ ಕೊಡಬೇಕೆಂದು, ಮಾರ್ಚ್‌ನ ಸ್ಟೇಟ್‌ಮೆಂಟನ್ನು ತಿದ್ದಿ ಮತ್ತೆ ಸಲ್ಲಿಸಬೇಕೆಂದು ಹೇಳಿದೆ. ಓ.ಡಿ. ಮಿತಿ ಇಳಿಯಿತು. ಎರಡು ತಿಂಗಳು ಅವರು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಪೆನ್ಸಿಲಿನ ಕಾಲಮ್ಮು

ಇನ್ನು ಆ 1,20,000ದ ಕಥೆ. ಚೀಟಿಯ ಕೆಳಗೆ ಒಂದು ಸೂಚನೆ ಇತ್ತು: "ಸ್ಟೇಟ್‌ಮೆಂಟನ್ನು ಪ್ರಿಂಟ್ ತೆಗೆದು, 50,000ಕ್ಕಿಂತ ದೊಡ್ಡ ಪ್ರತಿ ಸಾಲಿನ ಪಕ್ಕ ಯಾಕೆ ಎಂದು ಪೆನ್ಸಿಲಿನಲ್ಲಿ ಬರೆಯಿರಿ. ನೆನಪಿಲ್ಲದಿದ್ದರೆ ಖಾಲಿ ಬಿಡಿ, ಊಹಿಸಬೇಡಿ." 50,000 ಎಂಬುದು ಕಾಯ್ದೆಯ ಮಿತಿಯಲ್ಲ, ಈ ಅಂಗಡಿಯ ಗಾತ್ರಕ್ಕೆ ನಾನು ಇಟ್ಟುಕೊಂಡ ಗೆರೆ.

ಯಜಮಾನರು ಮೂರು ಭಾನುವಾರ ಕೂತು ಬರೆದರು. 1,20,000ದ ಪಕ್ಕ ಖಾಲಿ ಬಿಟ್ಟಿದ್ದರು. ನಾಲ್ಕನೇ ಭಾನುವಾರ ಅವರ ಹೆಂಡತಿ ಚಹಾ ತಂದಿಟ್ಟು ಹಾಳೆಯ ಮೇಲೆ ಕಣ್ಣಾಡಿಸಿದಾಗ ಆ ಹೆಸರು ಗುರುತು ಹಿಡಿದರಂತೆ. ಹಳೆ ಬಾಕಿದಾರರಾದ ಕಂಟ್ರಾಕ್ಟರೊಬ್ಬರ ಮಡದಿಯ ಹೆಸರದು. ಹಿಂದೊಮ್ಮೆ ಅವರ ಗೃಹಪ್ರವೇಶದ ಕರೆಯೋಲೆಯಲ್ಲಿ ಇವರು ಓದಿದ್ದರು. ಲೆಡ್ಜರು ತೆಗೆದು ನೋಡಿದರೆ ಕಂಟ್ರಾಕ್ಟರಿನ ಬಾಕಿ ಸರಿಯಾಗಿ 1,20,000. ತನ್ನ ಖಾತೆಯಲ್ಲಿ ಹಣ ಇಲ್ಲದ ದಿನ ಅವರು ಹೆಂಡತಿಯ ಖಾತೆಯಿಂದ ಕಳಿಸಿದ್ದರು. ಅವರಿಂದ ಒಂದು ಸಹಿ ಮಾಡಿದ ಪತ್ರ, ಆ ಖಾತೆಯ ಒಂದು ಪುಟದ ಸ್ಟೇಟ್‌ಮೆಂಟು ತರಿಸಿ ಫೈಲಿಗೆ ಹಾಕಿದೆವು. ಅಷ್ಟು ಸಾಕಾಯಿತು.

ಆ ಹಾಳೆ ಈಗಲೂ ನನ್ನ ಫೈಲಿನಲ್ಲಿದೆ. ಬ್ಯಾಂಕು ಮುದ್ರಿಸಿದ ಸಾಲಿನ ಪಕ್ಕ ಬೇರೆ ಕೈಬರಹದಲ್ಲಿ, ಪೆನ್ಸಿಲಿನಲ್ಲಿ ಬರೆದಿದೆ: "ಕಂಟ್ರಾಕ್ಟರ್ ಹೆಂಡ್ತಿ. ಹಳೇ ಬಾಕಿ."